ಹೊಸ ತೆರಿಗೆ ಪದ್ಧತಿಯೋ, ಹಳೆಯದೋ? ಜೊತೆಗೆ ಅಡಿಕೆ ತೋಟವೂ ಇದ್ದರೆ?

ಜನವರಿ ಬಂತೆಂದರೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದೇ ಮಾತು. ಸಂಬಳ ಬರೆಯುವ ಗುಮಾಸ್ತರು ಒಂದು ನಮೂನೆ ಕೊಟ್ಟು ಹೋಗುತ್ತಾರೆ: ಹೊಸ ಪದ್ಧತಿಯೋ ಹಳೆಯದೋ, ಗುರುತು ಹಾಕಿ ಸಹಿ ಮಾಡಿ. ಗಣಿತ ಕಲಿಸುವವನೆಂಬ ಕಾರಣಕ್ಕೆ ಆ ನಮೂನೆಗಳು ನನ್ನ ಮೇಜಿಗೆ ಬಂದು ಕೂರುತ್ತವೆ. ಈ ವರ್ಷ ಹಾಗೆ ಬಂದವರಲ್ಲಿ ಇಬ್ಬರ ಲೆಕ್ಕ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಒಬ್ಬರು ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆಗಿರುವ ಬ್ಯಾಂಕ್ ಅಧಿಕಾರಿ, ನಮ್ಮ ಸಹೋದ್ಯೋಗಿಯೊಬ್ಬರ ತಮ್ಮ. ಇನ್ನೊಬ್ಬರು ತೀರ್ಥಹಳ್ಳಿ ಕಡೆಯ ಶಿಕ್ಷಕಿ. ಅವರ ಹೆಸರಿನಲ್ಲಿ ಅಡಿಕೆ ತೋಟವೂ ಇದೆ. ಇಬ್ಬರ ಪ್ರಶ್ನೆಯೂ ಒಂದೇ, ಉತ್ತರ ಮಾತ್ರ ಬೇರೆ ಬೇರೆ ದಾರಿಯಿಂದ ಬಂತು. ಅದನ್ನು ಇಲ್ಲಿ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ. ಎಲ್ಲ ಅಂಕಿಗಳೂ 2025–26ರ ಆರ್ಥಿಕ ವರ್ಷದ ಆದಾಯಕ್ಕೆ, ಅರವತ್ತು ದಾಟದವರಿಗೆ ಅನ್ವಯಿಸುವಂಥವು.

## ಯಾವುದನ್ನು ಅಳೆಯಬೇಕು

ಎರಡು ಪದ್ಧತಿಗಳನ್ನು ಹೋಲಿಸುವ ಮೊದಲು ನಾಲ್ಕು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಮೊದಲನೆಯದು ವರ್ಷದ ಒಟ್ಟು ಸಂಬಳ. ಎರಡನೆಯದು, ದಾಖಲೆ ತೋರಿಸಿ ನಿಜವಾಗಿ ಕಳೆಯಬಹುದಾದ ಕಡಿತಗಳ ಮೊತ್ತ. ಮೂರನೆಯದು, ಆ ಕಡಿತಗಳಲ್ಲಿ ಎಷ್ಟು ಹಣ ತೆರಿಗೆಯ ಸಲುವಾಗಿಯೇ ಕಟ್ಟಿ ಹಾಕಿದ್ದು, ಎಷ್ಟು ಹೇಗೂ ಖರ್ಚಾಗುತ್ತಿದ್ದುದು ಎಂಬ ವಿಂಗಡಣೆ. ನಾಲ್ಕನೆಯದನ್ನು ಮಲೆನಾಡಿನವರು ಮರೆಯಬಾರದು: ಸಂಬಳದ ಹೊರಗಿನ ಆದಾಯ, ಅದರಲ್ಲೂ ತೋಟದ ಆದಾಯ.

ಇವುಗಳಲ್ಲಿ ಎರಡನೆಯದೇ ತಕ್ಕಡಿಯ ಮುಳ್ಳು. ಹೊಸ ಪದ್ಧತಿಯಲ್ಲಿ ದರ ಕಡಿಮೆ, ಆದರೆ ಕಡಿತಗಳು ಹೆಚ್ಚುಕಡಿಮೆ ಇಲ್ಲ. ಹಳೆಯದರಲ್ಲಿ ದರ ಜಾಸ್ತಿ, ಕಡಿತಗಳು ಹಲವು: ಭವಿಷ್ಯನಿಧಿ, ವಿಮೆ ಕಂತು, ಮಕ್ಕಳ ಬೋಧನಾ ಶುಲ್ಕ ಮೊದಲಾದವು ಸೇರಿ 80ಸಿ ಅಡಿ ಒಂದೂವರೆ ಲಕ್ಷದವರೆಗೆ, ಆರೋಗ್ಯ ವಿಮೆ, ವಾಸದ ಮನೆಯ ಸಾಲದ ಬಡ್ಡಿ ಎರಡು ಲಕ್ಷದವರೆಗೆ, ಮನೆ ಬಾಡಿಗೆ ಭತ್ಯೆಯ ವಿನಾಯಿತಿ. ದಾಖಲೆ ಬೇಡದ ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡರಲ್ಲೂ ಇದೆ. ಹೊಸದರಲ್ಲಿ ಅದು 75,000, ಹಳೆಯದರಲ್ಲಿ 50,000. ಈ ಇಪ್ಪತ್ತೈದು ಸಾವಿರದ ವ್ಯತ್ಯಾಸವನ್ನು ಮರೆತು ಲೆಕ್ಕ ತಪ್ಪಿಸಿಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ.

## ಮೆಟ್ಟಿಲನ್ನು ಹುಡುಕುವ ಬಗೆ

ತೆರಿಗೆಯ ಸ್ಲ್ಯಾಬ್ ಎಂದರೆ ಪ್ರಥಮ ಪಿಯುಸಿಯಲ್ಲಿ ಕಲಿಯುವ ಅಸಮತೆಗಳೇ. ಕಡಿತಗಳೆಲ್ಲ ಮುಗಿದ ಮೇಲೆ ಉಳಿಯುವ ತೆರಿಗೆಯೋಗ್ಯ ಆದಾಯವನ್ನು `x` ಎನ್ನೋಣ, ತೆರಿಗೆಯನ್ನು `T` ಎನ್ನೋಣ. `x` ಯಾವ ಎರಡು ಅಂಕಿಗಳ ನಡುವೆ ಬೀಳುತ್ತದೆ ಎಂಬುದರ ಮೇಲೆ `T`ಯ ಸೂತ್ರ ಬದಲಾಗುತ್ತದೆ. ಹೊಸ ಪದ್ಧತಿ ಹೀಗಿದೆ:

```
          x ≤ 4,00,000     T = 0
 4,00,000 < x ≤ 8,00,000   T = 0.05x − 20,000
 8,00,000 < x ≤ 12,00,000  T = 0.10x − 60,000
12,00,000 < x ≤ 16,00,000  T = 0.15x − 1,20,000
16,00,000 < x ≤ 20,00,000  T = 0.20x − 2,00,000
20,00,000 < x ≤ 24,00,000  T = 0.25x − 3,00,000
24,00,000 < x              T = 0.30x − 4,20,000
```

ಹಳೆಯದರಲ್ಲಿ ಮೆಟ್ಟಿಲು ಕಡಿಮೆ, ಎತ್ತರ ಹೆಚ್ಚು:

```
          x ≤ 2,50,000     T = 0
 2,50,000 < x ≤ 5,00,000   T = 0.05x − 12,500
 5,00,000 < x ≤ 10,00,000  T = 0.20x − 87,500
10,00,000 < x              T = 0.30x − 1,87,500
```

ಕೊನೆಯಲ್ಲಿ ಕಳೆಯುವ ಆ ಅಂಕಿಗಳು ಎಲ್ಲಿಂದ ಬಂದವು? ಹೊಸ ಪದ್ಧತಿಯ ಎರಡನೆಯ ಸಾಲನ್ನು ನೋಡಿ. ಪೂರ್ತಿ `x`ಗೆ ಶೇಕಡ 5 ಹಾಕಿದರೆ ಮೊದಲ ನಾಲ್ಕು ಲಕ್ಷಕ್ಕೂ ತೆರಿಗೆ ಬಿದ್ದಂತಾಗುತ್ತದೆ; ಆ ಭಾಗಕ್ಕೆ ತೆರಿಗೆ ಇಲ್ಲದ್ದರಿಂದ ಅದರ ಶೇಕಡ 5, ಅಂದರೆ 20,000, ವಾಪಸ್ ಕೊಡುತ್ತೇವೆ. ಮೂರನೆಯ ಸಾಲಿನಲ್ಲಿ ಎಲ್ಲದಕ್ಕೂ ಶೇಕಡ 10 ಹಾಕಿದ್ದೇವೆ. ಎಂಟು ಲಕ್ಷದ ಕೆಳಗಿನದಕ್ಕೆ ಆದ ಹೆಚ್ಚಳ ಇನ್ನೂ 40,000. ಎರಡೂ ಸೇರಿ 60,000. ಹೀಗೆ ಮೇಲೆ ಹೋದಂತೆ ವಾಪಸಾತಿ ಬೆಳೆಯುತ್ತದೆ.

ಹನ್ನೆರಡು ಲಕ್ಷ ದಾಟಿದರೆ ಎಲ್ಲ ಆದಾಯಕ್ಕೂ ಶೇಕಡ 15 ಎಂದು ಹೆದರುವವರಿಗೆ ಈ ವಾಪಸಾತಿಯೇ ಉತ್ತರ. ಗಡಿಯ ಅಂಕಿಯನ್ನು ಎರಡೂ ಸೂತ್ರಗಳಲ್ಲಿ ಹಾಕಿ ನೋಡಿ. ಎಂಟು ಲಕ್ಷಕ್ಕೆ ಎರಡನೆಯ ಸಾಲೂ 20,000 ಕೊಡುತ್ತದೆ, ಮೂರನೆಯದೂ 20,000 ಕೊಡುತ್ತದೆ. ಸ್ಲ್ಯಾಬ್ ದಾಟಿದ ಮಾತ್ರಕ್ಕೆ ಯಾರೂ ಹಳ್ಳಕ್ಕೆ ಬೀಳುವುದಿಲ್ಲ.

ನನಗೆ ಬಹಳ ಪ್ರಿಯವಾದ ಒಂದು ಉಪಾಯವಿದೆ. ದರಗಳು ಮೇಲೆ ಹೋದಂತೆ ಏರುತ್ತಲೇ ಹೋಗುವುದರಿಂದ, `x` ಯಾವ ಮೆಟ್ಟಿಲಿನಲ್ಲಿದೆ ಎಂದು ಹುಡುಕದೆಯೂ ತೆರಿಗೆ ಕಂಡುಹಿಡಿಯಬಹುದು. ಎಲ್ಲ ಸಾಲುಗಳಲ್ಲೂ `x` ಹಾಕಿ. ಬಂದ ಉತ್ತರಗಳಲ್ಲಿ ಯಾವುದು ಅತಿ ದೊಡ್ಡದೋ ಅದೇ ಸರಿಯಾದ ತೆರಿಗೆ. ಹೊಸ ಪದ್ಧತಿಯಲ್ಲಿ 14,25,000ಕ್ಕೆ ಶೇಕಡ 10ರ ಸಾಲು 82,500 ಕೊಡುತ್ತದೆ, ಶೇಕಡ 15ರದು 93,750, ಶೇಕಡ 20ರದು 85,000. ದೊಡ್ಡದು 93,750, ಅದೇ ತೆರಿಗೆ. ಗಡಿ ನೋಡಿ ಆರಿಸಿದ ಸೂತ್ರದ ಉತ್ತರ ಇದಕ್ಕಿಂತ ಕಡಿಮೆ ಬಂದರೆ ಮೆಟ್ಟಿಲು ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಹೀಗೆ ಬಂದ ತೆರಿಗೆಯ ಮೇಲೆ ಶೇಕಡ 4ರ ಸೆಸ್ ಸೇರುತ್ತದೆ.

## ನಿಜವಾದ ಜಿಗಿತ ಇರುವುದು ರಿಯಾಯಿತಿಯಲ್ಲಿ

ಸ್ಲ್ಯಾಬುಗಳಲ್ಲಿ ಇಲ್ಲದ ಜಿಗಿತ 87ಎ ಎಂಬ ರಿಯಾಯಿತಿಯಲ್ಲಿದೆ. ಹೊಸ ಪದ್ಧತಿಯಲ್ಲಿ `x` ಹನ್ನೆರಡು ಲಕ್ಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ 60,000 ರೂಪಾಯಿವರೆಗಿನ ತೆರಿಗೆ ಮನ್ನಾ. ಹಳೆಯದರಲ್ಲಿ ಗಡಿ ಐದು ಲಕ್ಷ, ಮನ್ನಾ 12,500. ಇಲ್ಲಿ ಮಾತ್ರ ‘ಅಥವಾ ಸಮ’ ಎಂಬ ಗೆರೆ ಹಣದ ಬೆಲೆಯುಳ್ಳದ್ದು.

ಹಳೆಯ ಪದ್ಧತಿಯಲ್ಲಿ ಸರಿಯಾಗಿ 5,00,000 ಇದ್ದವರಿಗೆ ತೆರಿಗೆ ಸೊನ್ನೆ. 5,00,010 ಆದರೆ 12,502 ರೂಪಾಯಿ, ಸೆಸ್ ಸೇರಿ ಸುಮಾರು 13,002. ಹತ್ತು ರೂಪಾಯಿಗೆ ಹದಿಮೂರು ಸಾವಿರ. ಅದನ್ನು ತಗ್ಗಿಸುವ ಏರ್ಪಾಡು ಅಲ್ಲಿ ಇಲ್ಲ. ಹಾಗಾಗಿ ಹಳೆಯ ಪದ್ಧತಿಯಲ್ಲಿ ಐದು ಲಕ್ಷದ ಆಸುಪಾಸಿನಲ್ಲಿರುವವರು ಉಳಿತಾಯ ಖಾತೆಯ ಬಡ್ಡಿಯನ್ನೂ ಬಿಡದೆ ಕೂಡಿಸಿ ನೋಡಬೇಕು.

ಹೊಸ ಪದ್ಧತಿಯಲ್ಲಿ ಮಾರ್ಜಿನಲ್ ರಿಲೀಫ್ ಎಂಬ ಸೇತುವೆ ಇದೆ. ಹನ್ನೆರಡು ಲಕ್ಷದ ಮೇಲೆ ಎಷ್ಟು ಹೆಚ್ಚು ದುಡಿದಿರೋ, ತೆರಿಗೆ ಅದಕ್ಕಿಂತ ಹೆಚ್ಚಾಗುವಂತಿಲ್ಲ. ಹೆಚ್ಚಳವನ್ನು `d` ಎಂದರೆ ಮಾಮೂಲಿ ತೆರಿಗೆ 60,000 + 0.15`d`. ಇದು `d`ಗಿಂತ ದೊಡ್ಡದಾಗಿರುವವರೆಗೆ ರಿಲೀಫ್ ನಡೆಯುತ್ತದೆ:

```
60,000 + 0.15d > d
60,000 > 0.85d
d < 70,588 (ಸುಮಾರು)
```

ಅಂದರೆ 12,00,000ದಿಂದ ಸುಮಾರು 12,70,588ರವರೆಗೆ ಹೆಚ್ಚಾದ ಪ್ರತಿ ರೂಪಾಯಿಯೂ ಪೂರ್ತಿ ತೆರಿಗೆಗೆ ಹೋಗುತ್ತದೆ. ಸೆಸ್ ಇದರ ಮೇಲೂ ಬೀಳುತ್ತದೆ. `x` 12,50,000 ಆದವರು 50,000 ತೆರಿಗೆ, 2,000 ಸೆಸ್ ಕಟ್ಟಿ 11,98,000 ಕೈಯಲ್ಲಿ ಉಳಿಸಿಕೊಳ್ಳುತ್ತಾರೆ. ಹನ್ನೆರಡೇ ಲಕ್ಷ ಇದ್ದವರಿಗಿಂತ ಎರಡು ಸಾವಿರ ಕಡಿಮೆ. ಬಾಕಿ ವೇತನವೋ ರಜೆ ನಗದೀಕರಣವೋ ಮಾರ್ಚಿನಲ್ಲಿ ಕೈಸೇರಲಿರುವವರು ಈ ಎಪ್ಪತ್ತು ಸಾವಿರದ ಪಟ್ಟಿಯನ್ನು ನೆನಪಿಡಬೇಕು. ಶೇರು ಮಾರಿದ ಲಾಭದಂಥ ವಿಶೇಷ ದರದ ಆದಾಯಕ್ಕೆ ಹೊಸ ಪದ್ಧತಿಯ ಈ ಮನ್ನಾ ಸಿಗುವುದಿಲ್ಲ. ಅದರ ಲೆಕ್ಕ ಪ್ರತ್ಯೇಕ.

## ಹಳೆಯದು ಗೆಲ್ಲಲು ಎಷ್ಟು ಕಡಿತ ಬೇಕು

ಈಗ ತಕ್ಕಡಿಗೆ ಬರೋಣ. ಸಂಬಳ ಇಷ್ಟು ಎಂದಾದರೆ ಹೊಸ ಪದ್ಧತಿಯ ತೆರಿಗೆ ಒಂದೇ ಒಂದು ಅಂಕಿ, ಏಕೆಂದರೆ ಅಲ್ಲಿ ಕಡಿತಗಳ ಆಟವಿಲ್ಲ. ಹಳೆಯ ಪದ್ಧತಿಯಲ್ಲಿ ಅಷ್ಟೇ ತೆರಿಗೆ ಬರಲು ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಇನ್ನೆಷ್ಟು ಕಡಿತ ಬೇಕು ಎಂದು ಹಿಂದಿನಿಂದ ಮುಂದಕ್ಕೆ ಬಿಡಿಸಬಹುದು.

ಹದಿನೈದು ಲಕ್ಷ ಸಂಬಳದವರನ್ನು ತೆಗೆದುಕೊಳ್ಳಿ. ಹೊಸ ಪದ್ಧತಿಯಲ್ಲಿ `x` = 14,25,000, ತೆರಿಗೆ 93,750. ಹಳೆಯದರಲ್ಲಿ 93,750 ಬರಬೇಕಾದರೆ 0.20`x` − 87,500 = 93,750, ಅಂದರೆ `x` = 9,06,250. ಸಂಬಳದಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ 14,50,000ಕ್ಕೂ ಇದಕ್ಕೂ ಇರುವ ಅಂತರ 5,43,750. ಕಡಿತ ಇದಕ್ಕಿಂತ ಹೆಚ್ಚಿದ್ದರೆ ಹಳೆಯದು, ಕಡಿಮೆ ಇದ್ದರೆ ಹೊಸದು. ಸೆಸ್ ಎರಡೂ ಕಡೆ ಒಂದೇ ದರದಲ್ಲಿ ಬೀಳುವುದರಿಂದ ಈ ಅಂತರ ಬದಲಾಗುವುದಿಲ್ಲ. ಬೇರೆ ಸಂಬಳಗಳಿಗೂ ಹೀಗೆಯೇ ಬಿಡಿಸಿದರೆ ಈ ಪಟ್ಟಿ ಸಿಗುತ್ತದೆ:

| ಒಟ್ಟು ಸಂಬಳ | ಹೊಸ ಪದ್ಧತಿಯ ತೆರಿಗೆ (ಸೆಸ್ ಬಿಟ್ಟು) | ಸಮವಾಗಲು ಬೇಕಾದ ಕಡಿತ |
|---|---|---|
| 10,00,000 | 0 | 4,50,000 |
| 12,75,000 | 0 | 7,25,000 |
| 13,50,000 | 71,250 | 5,06,250 |
| 15,00,000 | 93,750 | 5,43,750 |
| 20,00,000 | 1,85,000 | 7,08,333 |
| 25,00,000 | 3,07,500 | 8,00,000 |

ಪಟ್ಟಿಯ ಮೂರನೆಯ ಕಂಬವನ್ನು ನಿಧಾನವಾಗಿ ಓದಿ. ಅದು ಒಂದೇ ಸಮನೆ ಏರುವುದಿಲ್ಲ. ಹನ್ನೆರಡು ಮುಕ್ಕಾಲು ಲಕ್ಷದವರೆಗೆ ಹೊಸ ಪದ್ಧತಿ ಸೊನ್ನೆ ತೆರಿಗೆ ಕೊಡುತ್ತದೆ. ಹಳೆಯದು ಅದಕ್ಕೆ ಸಮನಾಗಲು ಐದು ಲಕ್ಷಕ್ಕೆ ಇಳಿಯಬೇಕು, ಅದಕ್ಕೆ ಏಳೂಕಾಲು ಲಕ್ಷದ ಕಡಿತ ಬೇಕು. ನಮ್ಮ ಊರಿನ ಬಾಡಿಗೆಯಲ್ಲಿ ಅಷ್ಟು ತೋರಿಸುವುದು ಬಹುತೇಕ ಅಸಾಧ್ಯ. ಹಾಗಾಗಿ 12,75,000ರವರೆಗಿನ ಸಂಬಳವಷ್ಟೇ ಇರುವವರು ಹಳೆಯ ಪದ್ಧತಿಯ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ ಎಂದು ನಾನು ನೇರವಾಗಿ ಹೇಳುತ್ತೇನೆ. ಅಲ್ಲಿಂದ ಮುಂದೆ ಆ ಅಂಕಿ ಥಟ್ಟನೆ ಐದು ಲಕ್ಷದ ಹತ್ತಿರಕ್ಕೆ ಇಳಿಯುತ್ತದೆ. ಹದಿಮೂರೂವರೆಯಿಂದ ಹದಿನಾರು ಲಕ್ಷದ ನಡುವೆ, ಮನೆ ಸಾಲವೂ ಬಾಡಿಗೆಯೂ ಎರಡೂ ಇರುವವರಿಗೆ ಹಳೆಯ ಪದ್ಧತಿ ನಿಜವಾದ ಸ್ಪರ್ಧಿ. ಇನ್ನೂ ಮೇಲೆ ಹೋದರೆ ಮತ್ತೆ ಏರಿ, 24,75,000 ದಾಟಿದ ಮೇಲೆ ಎಂಟು ಲಕ್ಷದಲ್ಲೇ ನಿಂತುಬಿಡುತ್ತದೆ, ಏಕೆಂದರೆ ಆಗ ಎರಡೂ ಪದ್ಧತಿಗಳಲ್ಲಿ ಮೇಲಿನ ರೂಪಾಯಿಗೆ ದರ ಶೇಕಡ 30.

## ಬ್ಯಾಂಕ್ ಅಧಿಕಾರಿಯ ಲೆಕ್ಕ

ಅವರ ಸಂಬಳ ಸರಿಯಾಗಿ ಹದಿನೈದು ಲಕ್ಷ. ಊರು ಸಾಗರ, ಅಲ್ಲಿ ಸಾಲ ಮಾಡಿ ಮನೆ ಕಟ್ಟಿಸಿ ತಂದೆ ತಾಯಿಯನ್ನು ಇರಿಸಿದ್ದಾರೆ. ಕೆಲಸ ಶಿವಮೊಗ್ಗದಲ್ಲಾದ್ದರಿಂದ ಇಲ್ಲಿ ತಿಂಗಳಿಗೆ 12,000 ಬಾಡಿಗೆ. ಕಡಿತಗಳನ್ನು ಒಂದೊಂದಾಗಿ ಬರೆದೆವು. 80ಸಿ ಅಡಿ 1,50,000 ಭವಿಷ್ಯನಿಧಿ ಮತ್ತು ಸಾಲದ ಅಸಲಿನಿಂದಲೇ ತುಂಬುತ್ತದೆ. ಮನೆ ಸಾಲದ ಬಡ್ಡಿ 2,00,000. ತಮ್ಮ ಕುಟುಂಬದ ಆರೋಗ್ಯ ವಿಮೆ 25,000, ಅರವತ್ತು ದಾಟಿದ ತಂದೆ ತಾಯಿಯ ವಿಮೆ 50,000. ಸ್ವಂತ ಇಚ್ಛೆಯಿಂದ ಎನ್‌ಪಿಎಸ್‌ಗೆ 50,000.

ಉಳಿದದ್ದು ಬಾಡಿಗೆ ಭತ್ಯೆಯ ವಿನಾಯಿತಿ. ವರ್ಷಕ್ಕೆ ಕೊಟ್ಟ 1,44,000 ಬಾಡಿಗೆಯನ್ನು ಪೂರ್ತಿ ಕಳೆಯಬಹುದು ಎಂದು ಅವರು ಭಾವಿಸಿದ್ದರು. ಹೆಚ್ಚಿನವರು ಎಡವುವುದು ಇಲ್ಲಿಯೇ. ಮೂರು ಅಂಕಿಗಳಲ್ಲಿ ಅತಿ ಚಿಕ್ಕದಷ್ಟೇ ಸಿಗುತ್ತದೆ: ಬಂದ ಭತ್ಯೆ, ಶಿವಮೊಗ್ಗದಂಥ ಊರಿಗೆ ಮೂಲ ವೇತನದ ಶೇಕಡ 40, ಬಾಡಿಗೆಯಿಂದ ಮೂಲ ವೇತನದ ಶೇಕಡ 10 ಕಳೆದದ್ದು. (ತುಟ್ಟಿಭತ್ಯೆ ನಿವೃತ್ತಿ ಲಾಭಕ್ಕೆ ಸೇರುವಂಥದ್ದಾದರೆ ಅದನ್ನೂ ಮೂಲ ವೇತನದ ಜೊತೆ ಕೂಡಿಸಬೇಕು.) ಅವರ ವೇತನ ಈ ಲೆಕ್ಕಕ್ಕೆ 8,40,000. ಅದರ ಶೇಕಡ 10 ಎಂದರೆ 84,000; 1,44,000ದಿಂದ ಕಳೆದರೆ 60,000. ಬಂದ ಭತ್ಯೆ ಇದಕ್ಕಿಂತ ಹೆಚ್ಚೇ ಇತ್ತು, ಹಾಗಾಗಿ 60,000 ಮಾತ್ರ.

ಕೂಡಿಸಿದರೆ 5,35,000. ಬೇಕಾದದ್ದು 5,43,750. ಕೂದಲೆಳೆಯ ಅಂತರ. ಹಳೆಯ ಪದ್ಧತಿಯಲ್ಲಿ `x` = 9,15,000, ತೆರಿಗೆ 95,500, ಸೆಸ್ ಸೇರಿ 99,320. ಹೊಸದರಲ್ಲಿ ತೆರಿಗೆ 93,750, ಸೆಸ್ ಸೇರಿ 97,500. ಹೊಸದು 1,820 ರೂಪಾಯಿ ಅಗ್ಗ. ವೃತ್ತಿ ತೆರಿಗೆಯ ಎರಡೂವರೆ ಸಾವಿರವನ್ನು ಲೆಕ್ಕ ಸರಳವಾಗಲೆಂದು ಬಿಟ್ಟಿದ್ದೇನೆ. ಹಳೆಯ ಪದ್ಧತಿಯಲ್ಲಿ ಅದನ್ನೂ ಕಳೆಯಬಹುದಾದರೂ ಫಲಿತಾಂಶ ತಿರುಗುವುದಿಲ್ಲ. ಬಾಡಿಗೆ ತಿಂಗಳಿಗೆ ಒಂದು ಸಾವಿರ ಏರಿದರೆ ಮಾತ್ರ ಕಡಿತ 5,47,000 ಆಗಿ ಹಳೆಯದು 676 ರೂಪಾಯಿಯಿಂದ ಗೆಲ್ಲುತ್ತದೆ.

ಇಷ್ಟು ಹತ್ತಿರ ಬಂದಾಗ ತೆರಿಗೆಯ ಅಂಕಿಯೊಂದರಿಂದಲೇ ತೀರ್ಮಾನಿಸುವುದು ತಪ್ಪೆಂದು ನನ್ನ ಅಭಿಪ್ರಾಯ. ಮೂರನೆಯ ಅಳತೆ ಈಗ ಬೇಕು. ಭವಿಷ್ಯನಿಧಿ, ಸಾಲದ ಬಡ್ಡಿ, ಬಾಡಿಗೆ, ತಂದೆ ತಾಯಿಯ ವಿಮೆ ಇವೆಲ್ಲ ಹೇಗೂ ಆಗುವ ಖರ್ಚು. ಎನ್‌ಪಿಎಸ್‌ನ 50,000 ಮಾತ್ರ ಅವರು ತೆರಿಗೆಗಾಗಿಯೇ ಹಾಕುತ್ತಿದ್ದ ಹಣ, ಅದೂ ನಿವೃತ್ತಿಯವರೆಗೆ ಬಹುಮಟ್ಟಿಗೆ ಕೈಗೆ ಸಿಗದ್ದು. ಅದನ್ನು ಬಿಟ್ಟರೆ ಹಳೆಯ ಪದ್ಧತಿಯ ತೆರಿಗೆ ಸೆಸ್ ಸೇರಿ 1,09,720 ಆಗುತ್ತದೆ, ಹೊಸದು 12,220 ರೂಪಾಯಿ ಮುಂದಿರುತ್ತದೆ. ನಿವೃತ್ತಿಗೆಂದು ಆ ಹಣ ಕೂಡಿಡುವುದು ಅವರಿಗೆ ಬೇಕೇ ಬೇಕಾದರೆ ಹೊಸ ಪದ್ಧತಿಯಲ್ಲಿದ್ದೂ ಕೂಡಿಡಬಹುದು. ತೆರಿಗೆಯ ಒತ್ತಾಯಕ್ಕೆ ಮಾತ್ರ ಇಡುತ್ತಿದ್ದರೆ, ಆ ಹಣದಲ್ಲಿ ಸಾಲದ ಅಸಲನ್ನು ಇಳಿಸುವುದು ಮೇಲು.

ಮುಂದಿನ ವರ್ಷಗಳ ಮಾತೂ ಇದೆ. ಸಾಲದ ಕಂತಿನಲ್ಲಿ ಬಡ್ಡಿಯ ಪಾಲು ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಬಡ್ಡಿ ಎರಡು ಲಕ್ಷದ ಕೆಳಗೆ ಇಳಿದ ದಿನದಿಂದ ಹಳೆಯ ಪದ್ಧತಿಯ ಬಲ ಕುಗ್ಗುತ್ತಾ ಹೋಗುತ್ತದೆ. ಸಂಬಳ ಏರಿದರಂತೂ ಬೇಕಾದ ಕಡಿತವೂ ಏರುತ್ತದೆ. ಅವರು ಹೊಸದಕ್ಕೆ ಗುರುತು ಹಾಕಿದರು.

ಸಂಬಳದಾರರಿಗೆ ಈ ಗುರುತು ಕಲ್ಲಿನ ಮೇಲಿನ ಬರಹವಲ್ಲ ಎಂಬುದನ್ನೂ ತಿಳಿದಿರಬೇಕು. ಕಚೇರಿಗೆ ಕೊಟ್ಟ ಘೋಷಣೆಯಿಂದ ತಿಂಗಳ ಟಿಡಿಎಸ್ ಮಾತ್ರ ನಿರ್ಧಾರವಾಗುತ್ತದೆ. ರಿಟರ್ನ್ ಸಲ್ಲಿಸುವಾಗ ಮತ್ತೆ ಆರಿಸಬಹುದು, ಪ್ರತಿ ವರ್ಷ ಬದಲಿಸಬಹುದು. ಹಳೆಯದು ಬೇಕಾದರೆ ರಿಟರ್ನ್ ಗಡುವಿನೊಳಗೆ ಸಲ್ಲಿಕೆಯಾಗಬೇಕು. ತಡವಾದರೆ ಹೊಸದೇ ಗತಿ. ಅಂಗಡಿ, ವ್ಯಾಪಾರ, ವೃತ್ತಿಯ ಆದಾಯ ಇರುವವರಿಗೆ ಈ ಸ್ವಾತಂತ್ರ್ಯವಿಲ್ಲ. ಅವರು 10-ಐಇಎ ನಮೂನೆ ಕೊಟ್ಟು ಹಳೆಯದಕ್ಕೆ ಹೋದರೆ, ಹೊಸದಕ್ಕೆ ಮರಳುವ ಅವಕಾಶ ಒಮ್ಮೆ ಮಾತ್ರ.

## ತೋಟವಿರುವ ಶಿಕ್ಷಕಿಯ ಲೆಕ್ಕ

ಇವರ ಸಂಬಳ 11,75,000. ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ `x` = 11,00,000. ಹನ್ನೆರಡು ಲಕ್ಷದೊಳಗೆ ಇದೆ, ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಆದ್ದರಿಂದ ತೆರಿಗೆ ಸೊನ್ನೆ ಎಂದು ಅವರಿಗೆ ಎಲ್ಲರೂ ಹೇಳಿದ್ದರು. ತೋಟದ ನಿವ್ವಳ ಆದಾಯ ನಾಲ್ಕು ಲಕ್ಷ. ಮೂರು ಮಾತಿನಲ್ಲಿ ಮೊದಲ ಎರಡು ಸರಿ, ಕೊನೆಯದು ತಪ್ಪು.

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಅದು 5,000 ಮೀರಿ, ಉಳಿದ ಆದಾಯವೂ ಮೂಲ ವಿನಾಯಿತಿ ಮಿತಿಯನ್ನು ಮೀರಿದ್ದರೆ, ಉಳಿದ ಆದಾಯ ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸಲು ಕೃಷಿ ಆದಾಯವನ್ನು ಕೆಳಗೆ ಇಡುತ್ತಾರೆ. ಅಡಿಕೆ ಮೂಟೆಯ ಮೇಲೆ ಹತ್ತಿ ನಿಂತವರ ತಲೆ ಮೇಲಿನ ಅಟ್ಟಕ್ಕೆ ತಗಲುವ ಹಾಗೆ: ಮೂಟೆಗೆ ತೆರಿಗೆಯಿಲ್ಲ, ಆದರೆ ಅದು ಸಂಬಳವನ್ನು ಎತ್ತರದ ದರಕ್ಕೆ ಏರಿಸುತ್ತದೆ. ಕೃಷಿ ಆದಾಯವನ್ನು `A` ಎಂದರೆ ಹೊಸ ಪದ್ಧತಿಯ ಸೂತ್ರ ಇದು:

```
ತೆರಿಗೆ = T(x + A) − T(4,00,000 + A)
```

ಇವರಿಗೆ `T`(15,00,000) = 1,05,000, `T`(8,00,000) = 20,000. ವ್ಯತ್ಯಾಸ 85,000. ಇದರಿಂದ ರಿಯಾಯಿತಿ ಕಳೆಯಬೇಕು. ರಿಯಾಯಿತಿಗೆ ಅರ್ಹತೆ ನೋಡುವಾಗ ಕೃಷಿ ಆದಾಯ ಲೆಕ್ಕಕ್ಕಿಲ್ಲ, `x` ಹನ್ನೊಂದು ಲಕ್ಷವೇ. ಹಾಗಾಗಿ ಅರ್ಹತೆ ಇದೆ. ಆದರೆ ಮನ್ನಾದ ಮೇಲ್ಮಿತಿ 60,000. ಉಳಿಯಿತು 25,000, ಸೆಸ್ ಸೇರಿ 26,000. ಹನ್ನೆರಡು ಲಕ್ಷದವರೆಗೆ ಸೊನ್ನೆ ಎಂಬ ಮಾತು ತೋಟವಿಲ್ಲದವರಿಗೆ ಮಾತ್ರ ಪೂರ್ತಿ ನಿಜ.

ಎಷ್ಟು ತೋಟದ ಆದಾಯದವರೆಗೆ ಇವರು ಸುರಕ್ಷಿತವಾಗಿದ್ದರು? `A` ಒಂದೂವರೆ ಲಕ್ಷ ಇದ್ದಾಗ `T`(12,50,000) = 67,500, `T`(5,50,000) = 7,500, ವ್ಯತ್ಯಾಸ ಸರಿಯಾಗಿ 60,000. ಅಲ್ಲಿಯವರೆಗೆ ಸೊನ್ನೆ. ಅದರಿಂದಾಚೆ ನಾಲ್ಕು ಲಕ್ಷದವರೆಗೆ ತೋಟದ ಪ್ರತಿ ನೂರು ರೂಪಾಯಿಗೆ ಹತ್ತು ರೂಪಾಯಿ ತೆರಿಗೆ ಹುಟ್ಟುತ್ತದೆ. `x` ಹನ್ನೆರಡೇ ಲಕ್ಷ ಇರುವವರಿಗೆ ಈ ಸುರಕ್ಷಿತ ಜಾಗವೇ ಇಲ್ಲ. 5,000 ದಾಟಿದ ಕೃಷಿ ಆದಾಯ ನೇರವಾಗಿ ತೆರಿಗೆಯನ್ನು ಮೇಲೆತ್ತುತ್ತದೆ.

ಹಾಗಾದರೆ ಇವರಿಗೆ ಹಳೆಯ ಪದ್ಧತಿ ಒಳ್ಳೆಯದೇ? ಅವರಲ್ಲಿರುವ ಕಡಿತ 80ಸಿಯ 1,50,000 ಮತ್ತು ವಿಮೆಯ 25,000. `x` = 9,50,000. ಅಲ್ಲಿ ಮೂಲ ವಿನಾಯಿತಿ 2,50,000 ಆದ್ದರಿಂದ `T`(13,50,000) − `T`(6,50,000), ಅಂದರೆ 2,17,500 − 42,500 = 1,75,000. ಸೆಸ್ ಸೇರಿ 1,82,000. ಹೋಲಿಕೆಯೇ ಬೇಡ. ತೋಟದ ಆದಾಯ ಹಳೆಯ ಪದ್ಧತಿಯಲ್ಲಿ ಸಂಬಳವನ್ನು ಶೇಕಡ 30ರ ಮೆಟ್ಟಿಲಿಗೇ ತಳ್ಳುತ್ತದೆ.

ಇವರ ಮಟ್ಟಿಗೆ ಪದ್ಧತಿಯ ಆಯ್ಕೆಗಿಂತ `A`ಯನ್ನು ಸರಿಯಾಗಿ ಬರೆಯುವುದೇ ಹೆಚ್ಚಿನ ವಿಷಯ. `A` ಎಂದರೆ ಮಂಡಿಯ ಪಟ್ಟಿಯಲ್ಲಿ ಬಂದ ಹಣವಲ್ಲ. ಗೊಬ್ಬರ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಸಿದ ಬೋರ್ಡೋ ದ್ರಾವಣ, ಕೊನೆ ತೆಗೆಸಿದ ಕೂಲಿ, ಸುಲಿಸಿದ ಕೂಲಿ, ಬೇಯಿಸಿದ ಖರ್ಚು ಎಲ್ಲ ಕಳೆದು ಉಳಿದದ್ದು. ಶಿಕ್ಷಕಿ ಮೊದಲು ಹೇಳಿದ್ದು ಆರೂವರೆ ಲಕ್ಷ. ಖರ್ಚಿನ ಚೀಟಿಗಳನ್ನು ಹರಡಿ ಕೂಡಿಸಿದ ಮೇಲೆ ಅದು ನಾಲ್ಕಕ್ಕೆ ಇಳಿಯಿತು. ಕೂಲಿಗೆ ರಸೀದಿ ಇರುವುದಿಲ್ಲ ಎಂಬುದು ನಿಜ. ದಿನಾಂಕ, ಆಳುಗಳ ಸಂಖ್ಯೆ, ಕೊಟ್ಟ ಮೊತ್ತ ಬರೆದ ಒಂದು ನೋಟ್‌ಬುಕ್ ಇದ್ದರೆ ಪ್ರಶ್ನೆ ಬಂದಾಗ ಆಧಾರವಾಗುತ್ತದೆ. ತನ್ನ ತೋಟದ ಹಸಿ ಅಡಿಕೆಯನ್ನು ತಾನೇ ಬೇಯಿಸಿ ಒಣಗಿಸಿ ಮಾರುವುದೂ ಕೃಷಿ ಆದಾಯವೇ. ಬೇರೆಯವರ ಹಸಿ ಅಡಿಕೆ ಖರೀದಿಸಿ ಸಂಸ್ಕರಿಸಿ ಮಾರಿದ ಲಾಭ ವ್ಯಾಪಾರದ್ದು. ಅದು `x`ಗೆ ಸೇರುತ್ತದೆ. ಹಾಗೆಯೇ ತೋಟ ತಂದೆಯದಾಗಿ, ಮಾರಾಟದ ಹಣ ಅನುಕೂಲಕ್ಕೆಂದು ಮಗಳ ಖಾತೆಗೆ ಬಂದಿದ್ದರೆ ಆ ಆದಾಯ ತಂದೆಯದು. ಪಹಣಿ, ಮಂಡಿಯ ಪಟ್ಟಿ, ಬ್ಯಾಂಕ್ ಖಾತೆ ಮೂರೂ ಒಂದೇ ಹೆಸರಿನಲ್ಲಿರುವಂತೆ ನೋಡಿಕೊಳ್ಳುವುದು ಲೇಸು.

ಕೃಷಿ ಆದಾಯ 5,000 ಮೀರಿದವರು ಸರಳವಾದ ಐಟಿಆರ್-1 ತುಂಬುವಂತಿಲ್ಲ. ಸಂಬಳ ಮತ್ತು ತೋಟ ಮಾತ್ರ ಇರುವವರಿಗೆ ಐಟಿಆರ್-2. ಅದರಲ್ಲಿ ನಿವ್ವಳ ಕೃಷಿ ಆದಾಯವನ್ನು ತುಂಬಿದರೆ ಮೇಲಿನ ವ್ಯವಕಲನವನ್ನು ಅದೇ ಮಾಡುತ್ತದೆ. ತಪ್ಪು ನಮೂನೆ ತುಂಬಿ ಸೊನ್ನೆ ತೆರಿಗೆ ತೋರಿಸಿಬಿಟ್ಟರೆ ಸರಿಪಡಿಸುವ ಕೆಲಸ ನಂತರ ದೊಡ್ಡದಾಗುತ್ತದೆ.

ಇನ್ನೊಂದು ಸಂಗತಿ ಉಳಿಯಿತು. ಶಾಲೆಯ ಕಚೇರಿಗೆ ತೋಟದ ವಿಷಯ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ತೆರಿಗೆ ಸೊನ್ನೆ, ಆದ್ದರಿಂದ ಟಿಡಿಎಸ್ ಕೂಡ ಸೊನ್ನೆ. ಟಿಡಿಎಸ್ ಕಳೆದು ಉಳಿಯುವ ತೆರಿಗೆ 10,000 ಅಥವಾ ಹೆಚ್ಚಾದರೆ ಮುಂಗಡ ತೆರಿಗೆ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ. ಕೊನೆಯ ಕಂತಿನ ದಿನ ಮಾರ್ಚ್ 15. ಅಷ್ಟರಲ್ಲಿ ಕೊಯ್ಲು ಮುಗಿದು, ಮಾರಿದ್ದೆಷ್ಟು, ಒಳ್ಳೆಯ ಧಾರಣೆಗೆಂದು ಉಳಿಸಿಕೊಂಡದ್ದೆಷ್ಟು ಎಂಬುದು ಬಹುಪಾಲು ತಿಳಿದಿರುತ್ತದೆ. ಶಿಕ್ಷಕಿ ಫೆಬ್ರುವರಿ ಕೊನೆಯ ವಾರ ಖರ್ಚಿನ ಪುಸ್ತಕ ತಂದು ತೋರಿಸುವುದಾಗಿ ಹೇಳಿ ಹೋಗಿದ್ದಾರೆ. ಅಂದು `A`ಯನ್ನು ಇನ್ನೊಮ್ಮೆ ಕೂಡಿಸಿ, ಬಂದ ಮೊತ್ತದ ಚಲನ್ ಅನ್ನು ತೆರಿಗೆ ಪೋರ್ಟಲ್‌ನಲ್ಲಿ ಕಟ್ಟುವುದೆಂದು ತೀರ್ಮಾನವಾಗಿದೆ.